ಆಡಿಟ್ ಎನ್‌ಸಿಗೆ ಉತ್ತರ: ‘ಕ್ರಮ ಕೈಗೊಳ್ಳಲಾಗುವುದು’ ತೆಗೆದು ಕಾರಣ ಮತ್ತು ದಿನಾಂಕ ಬರೆಯುವುದು ಹೇಗೆ

ಐಎಸ್‌ಒ 9001 ಸರ್ವೆಲೆನ್ಸ್ ಆಡಿಟ್ ಮುಗಿದ ಮೇಲೆ ನಮ್ಮ ಶಿವಮೊಗ್ಗ, ಭದ್ರಾವತಿ ಕಡೆಯ ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳಿಂದ ಎನ್‌ಸಿಗೆ, ಅಂದರೆ ಆಡಿಟರ್ ಬರೆದುಕೊಟ್ಟ ಲೋಪಕ್ಕೆ, ಹೋಗುವ ಉತ್ತರಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಕಾರಣದ ಜಾಗದಲ್ಲಿ ‘ಸಿಬ್ಬಂದಿಯ ಗಮನಕ್ಕೆ ಬಾರದೆ ಆದ ಲೋಪ’ ಎಂದಿರುತ್ತದೆ. ಕ್ರಮದ ಜಾಗದಲ್ಲಿ ‘ಸಂಬಂಧಪಟ್ಟವರಿಗೆ ಸೂಕ್ತ ತರಬೇತಿ ನೀಡಲಾಗುವುದು, ಮುಂದೆ ಮರುಕಳಿಸದಂತೆ ಎಚ್ಚರ ವಹಿಸಲಾಗುವುದು’ ಎಂದಿರುತ್ತದೆ. ದಿನಾಂಕದ ಕಾಲಂನಲ್ಲಿ ‘ಶೀಘ್ರದಲ್ಲಿ’ ಇಲ್ಲವೇ ‘ನಿರಂತರ’. ಆಡಿಟರ್ ಇದನ್ನು ವಾಪಸ್ ಕಳಿಸುತ್ತಾರೆ. ಒಪ್ಪಿಕೊಂಡರೂ ಮುಂದಿನ ವರ್ಷ ಅದೇ ಎನ್‌ಸಿ ಮತ್ತೆ ಬರುತ್ತದೆ, ಆಗ ಮೈನರ್ ಹೋಗಿ ಮೇಜರ್ ಆಗಿರುವ ಸಂಭವ ಹೆಚ್ಚು.

ಇಂಥ ಒಂದು ಉತ್ತರವನ್ನು ಬಿಚ್ಚಿ ಮತ್ತೆ ಕಟ್ಟುವುದನ್ನು ಇಲ್ಲಿ ನೋಡೋಣ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಬುಶ್‌ಗಳನ್ನು ಟರ್ನಿಂಗ್ ಮಾಡಿಕೊಡುವ ಒಂದು ಮಷಿನ್ ಶಾಪ್ ಇದೆ ಎಂದಿಟ್ಟುಕೊಳ್ಳಿ. ಜೂನ್ 17ರಂದು ಆಡಿಟರ್ ಬರೆದ ಎನ್‌ಸಿ ಹೀಗಿದೆ: ‘ಸಿಎನ್‌ಸಿ ಲೇತ್ 3ರಲ್ಲಿ ಬಳಕೆಯಲ್ಲಿದ್ದ 0–25 ಮಿ.ಮೀ. ಮೈಕ್ರೋಮೀಟರ್ ಎಂ-07ರ ಕ್ಯಾಲಿಬ್ರೇಶನ್ ಅವಧಿ ಮಾರ್ಚ್ 31ಕ್ಕೆ ಮುಗಿದಿದೆ. ಕಲಂ 7.1.5.2.’ ಉತ್ತರಕ್ಕೆ 30 ದಿನ ಸಮಯ. ಉದಾಹರಣೆ ಕಲ್ಪಿತ, ಆದರೆ ಎನ್‌ಸಿ ಎಲ್ಲ ಶಾಪ್‌ಗಳಲ್ಲೂ ಕಾಣುವಂಥದ್ದೇ.

ಮೊದಲು ಕೆಂಪು ಪೆನ್ನು

ಹಳೆಯ ಉತ್ತರದ ಪ್ರಿಂಟ್ ತೆಗೆದುಕೊಂಡು ‘ಲಾಗುವುದು’ ಎಂದು ಮುಗಿಯುವ ಪ್ರತಿ ವಾಕ್ಯದ ಕೆಳಗೆ ಗೆರೆ ಎಳೆಯಿರಿ. ಸರ್ಕಾರಿ ಪತ್ರಗಳಿಂದ ನಮ್ಮ ಕೈಗೆ ಅಂಟಿದ ಈ ರೂಪದಲ್ಲಿ ಮಾಡುವವರೂ ಇಲ್ಲ, ದಿನವೂ ಇಲ್ಲ. ಗೆರೆ ಎಳೆದ ಪ್ರತಿ ವಾಕ್ಯದ ಪಕ್ಕ ಮೂರು ಪ್ರಶ್ನೆ ಬರೆಯಿರಿ: ಯಾರು, ಯಾವ ದಿನ, ಮುಗಿದಿದೆ ಎನ್ನುವುದಕ್ಕೆ ಏನು ತೋರಿಸುತ್ತೀರಿ. ಉತ್ತರ ಸಿಗದ ವಾಕ್ಯವನ್ನು ಹೊಡೆದು ಹಾಕಿ. ಬಹಳಷ್ಟು ಉತ್ತರಗಳಲ್ಲಿ ಇದಾದ ಮೇಲೆ ಉಳಿಯುವುದು ‘ಮೈಕ್ರೋಮೀಟರನ್ನು ಕ್ಯಾಲಿಬ್ರೇಶನ್‌ಗೆ ಕಳಿಸಿದ್ದೇವೆ’ ಎಂಬ ಒಂದೇ ವಾಕ್ಯ. ಬೇಸರ ಬೇಡ, ಅಲ್ಲಿಂದಲೇ ಶುರು ಮಾಡಬಹುದು.

ಆ ವಾಕ್ಯ ನಿಜ, ಆದರೆ ಅದು ತಕ್ಷಣದ ತಿದ್ದುಪಡಿ ಮಾತ್ರ. ಕಲಂ 10.2 ಕೇಳುವುದು ಅದಕ್ಕಿಂತ ಹೆಚ್ಚು. ಆಗಿರುವ ತಪ್ಪನ್ನು ಸರಿಮಾಡಿ ಅದರ ಪರಿಣಾಮವನ್ನು ನಿಭಾಯಿಸಬೇಕು. ಆಮೇಲೆ ಕಾರಣ ಕಂಡುಹಿಡಿದು, ಇಂಥದ್ದೇ ತಪ್ಪು ಬೇರೆ ಕಡೆ ಇದೆಯೇ ಎಂದು ಹುಡುಕಬೇಕು. ಕಾರಣ ತೆಗೆಯುವ ಕ್ರಮ ಮಾಡಿ, ಆ ಕ್ರಮ ಫಲ ಕೊಟ್ಟಿತೇ ಎಂದು ಕೊನೆಯಲ್ಲಿ ನೋಡಬೇಕು. ನಿಮ್ಮ ಫಾರ್ಮಿನಲ್ಲಿ ಇವಕ್ಕೆಲ್ಲ ಒಂದೇ ದೊಡ್ಡ ಚೌಕ ಇದ್ದರೆ ನೀವೇ ಗೆರೆ ಹಾಕಿ ಬೇರೆ ಮಾಡಿಕೊಳ್ಳಿ. ತಿದ್ದುಪಡಿಯನ್ನು ಕ್ರಮದ ಜಾಗದಲ್ಲಿ ಬರೆಯುವುದೇ ಉತ್ತರ ವಾಪಸ್ ಬರಲು ಅತಿ ಸಾಮಾನ್ಯ ಕಾರಣ.

ಪರಿಣಾಮ: ಎಲ್ಲರೂ ಹಾರಿಸಿಬಿಡುವ ಭಾಗ

ಮೈಕ್ರೋಮೀಟರ್ ಅವಧಿ ಮೀರಿತ್ತು ಎಂದರೆ ಅದರಲ್ಲಿ ಅಳೆದು ಕಳಿಸಿದ ಮಾಲಿನ ಗತಿ ಏನು? 7.1.5.2ರ ಕೊನೆಯ ಪ್ಯಾರಾ ಕೇಳುವುದು ಇದನ್ನೇ. ಉಪಕರಣ ಕೆಲಸಕ್ಕೆ ತಕ್ಕುದಲ್ಲ ಎಂದು ಗೊತ್ತಾದಾಗ ಹಿಂದಿನ ಅಳತೆಗಳ ಮೇಲೆ ಪರಿಣಾಮ ಆಗಿದೆಯೇ ಎಂದು ನಿರ್ಧರಿಸಿ, ಬೇಕಾದ ಕ್ರಮ ತೆಗೆದುಕೊಳ್ಳಬೇಕು.

ಇದಕ್ಕೆ ಮೊದಲ ಕೆಲಸ ಲ್ಯಾಬಿಗೆ ಕಳಿಸುವಾಗಲೇ ಆಗಬೇಕು. ಚಲನ್ ಮೇಲೆ ‘ಅಡ್ಜಸ್ಟ್ ಮಾಡುವ ಮೊದಲು ಇದ್ದ ಸ್ಥಿತಿಯಲ್ಲೇ ರೀಡಿಂಗ್ ತೆಗೆದು ವರದಿಯಲ್ಲಿ ಕೊಡಿ’ ಎಂದು ಬರೆಯಿರಿ. ಹೀಗೆ ಹೇಳದಿದ್ದರೆ ಲ್ಯಾಬಿನವರು ಒಮ್ಮೊಮ್ಮೆ ಒಳ್ಳೆಯ ಮನಸ್ಸಿನಿಂದಲೇ ಸರಿಮಾಡಿ, ಸರಿಯಾದ ಮೇಲಿನ ರೀಡಿಂಗ್ ಮಾತ್ರ ಕೊಡುತ್ತಾರೆ. ಆಗ ಹಿಂದಿನ ಮಾಲಿನ ಬಗ್ಗೆ ಹೇಳಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬನ್ನೇ ಆರಿಸಿ, ಆ ಅಳತೆ ಅವರ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂದೂ ನೋಡಿಕೊಳ್ಳಿ.

ಎಂ-07ರ ವರದಿ ಬಂತು ಎಂದುಕೊಳ್ಳಿ. ಸೊನ್ನೆಯಲ್ಲಿ ಸರಿಯಿದೆ, 20 ಮಿ.ಮೀ.ನಲ್ಲಿ 0.006 ಮಿ.ಮೀ. ಕಡಿಮೆ ತೋರಿಸುತ್ತದೆ. ಶಾಪ್ ಇಟ್ಟುಕೊಂಡ ಮಿತಿ 0.004. ಸ್ಪಿಂಡಲ್‌ನ ಸ್ಕ್ರೂ ಒಂದೇ ಭಾಗದಲ್ಲಿ ಸವೆದರೆ ಹೀಗಾಗುತ್ತದೆ. ಆಪರೇಟರ್ ದಿನಾ ಬೆಳಿಗ್ಗೆ ಮುಚ್ಚಿ ಸೊನ್ನೆ ನೋಡುತ್ತಿದ್ದರೂ ಈ ದೋಷ ಅವರ ಕಣ್ಣಿಗೆ ಬೀಳುವುದಿಲ್ಲ. ‘ನಾವು ದಿನಾ ಝೀರೋ ಚೆಕ್ ಮಾಡುತ್ತಿದ್ದೆವು’ ಎಂಬ ವಾದ ಇಲ್ಲಿ ನಿಲ್ಲದಿರುವುದು ಅದಕ್ಕೇ.

ಬುಶ್‌ನ ಹೊರವ್ಯಾಸ 20.00 ± 0.03 ಮಿ.ಮೀ. ಇರಬೇಕು. ಮೈಕ್ರೋಮೀಟರ್ 0.006 ಕಡಿಮೆ ತೋರಿಸುವುದರಿಂದ ರೀಡಿಂಗ್ 20.024 ದಾಟಿದ್ದರೆ ನಿಜವಾದ ಅಳತೆ 20.030 ದಾಟಿರುತ್ತದೆ. ಲ್ಯಾಬಿನ ಅನಿಶ್ಚಿತತೆಗೂ ಸ್ವಲ್ಪ ಜಾಗ ಬಿಟ್ಟು 20.022ಕ್ಕಿಂತ ಮೇಲಿನ ರೀಡಿಂಗ್ ಇರುವ ಲಾಟ್‌ಗಳನ್ನೆಲ್ಲ ಶಂಕೆಗೆ ಹಾಕಿ. ಕೆಳಗಿನ ತುದಿಯಲ್ಲಿ ತಪ್ಪಾದರೆ ಒಳ್ಳೆಯ ಪೀಸು ರಿಜೆಕ್ಟ್ ಆಗಿರಬಹುದು. ಅದು ಶಾಪಿನ ನಷ್ಟ, ಗ್ರಾಹಕರಿಗೆ ತೊಂದರೆಯಲ್ಲ.

ಹುಡುಕಾಟ ಯಾವ ದಿನದಿಂದ? ಹೆಚ್ಚಿನವರು ಏಪ್ರಿಲ್ 1ರಿಂದ, ಅಂದರೆ ಅವಧಿ ಮುಗಿದ ಮರುದಿನದಿಂದ ನೋಡುತ್ತಾರೆ. ಇದು ತಪ್ಪು. ಅವಧಿ ಮುಗಿಯಿತು ಎಂದು ಸ್ಕ್ರೂ ಅಂದೇ ಸವೆಯಲು ಶುರುವಾಗುವುದಿಲ್ಲ. ಉಪಕರಣ ಸರಿಯಿತ್ತು ಎಂದು ದಾಖಲೆ ಇರುವ ಕೊನೆಯ ದಿನದಿಂದ ನೋಡಬೇಕು. ಅದು ಹಿಂದಿನ ಕ್ಯಾಲಿಬ್ರೇಶನ್ ದಿನ. ನಡುವೆ 20 ಮಿ.ಮೀ. ಸ್ಲಿಪ್ ಗೇಜ್ ಇಟ್ಟು ನೋಡಿದ ದಾಖಲೆ ಇದ್ದರೆ ಆ ದಿನ. ಇಲ್ಲಿ ಅಂಥ ದಾಖಲೆ ಇಲ್ಲ, ಹಾಗಾಗಿ ಒಂದು ವರ್ಷಕ್ಕಿಂತ ಹೆಚ್ಚಿನ ಇನ್‌ಸ್ಪೆಕ್ಷನ್ ಶೀಟುಗಳನ್ನು ತೆಗೆಯಲೇಬೇಕು. ಶೀಟಿನಲ್ಲಿ ಯಾವ ಗೇಜ್ ಎಂಬ ಕಾಲಂ ಇದ್ದರೆ ಇದು ಎರಡು ದಿನದ ಕೆಲಸ. ಇಲ್ಲದಿದ್ದರೆ ಯಾವ ಲಾಟ್ ಯಾವುದರಲ್ಲಿ ಅಳೆದದ್ದು ಎಂದೇ ಗೊತ್ತಾಗುವುದಿಲ್ಲ, ಆ ಕಾಲಂ ಸೇರಿಸುವುದೂ ಕ್ರಮಗಳಲ್ಲಿ ಒಂದಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಎಂ-07ರಲ್ಲಿ ಅಳೆದ 31 ಲಾಟ್ ಸಿಕ್ಕವು, ಎರಡರಲ್ಲಿ 20.022 ದಾಟಿದ ರೀಡಿಂಗ್ ಇದೆ. ಲಾಟಿಗೆ ಐದೇ ಪೀಸು ಅಳೆದಿರುವುದರಿಂದ ಶಂಕೆ ಆ ಐದು ಪೀಸಿನ ಮೇಲಲ್ಲ, ಇಡೀ ಲಾಟ್ ಮೇಲೆ. ಒಂದು ಲಾಟ್ ಇನ್ನೂ ಸ್ಟೋರ್‌ನಲ್ಲಿದೆ. ಅದರ 240 ಪೀಸನ್ನೂ ಅವಧಿಯೊಳಗಿನ ಬೇರೆ ಮೈಕ್ರೋಮೀಟರ್‌ನಲ್ಲಿ ಅಳೆದರು, 3 ಪೀಸು ದಪ್ಪ ಬಂದವು, ಮತ್ತೆ ಟರ್ನಿಂಗ್‌ಗೆ ಹೋದವು. ಇನ್ನೊಂದು ಲಾಟ್ ರವಾನೆಯಾಗಿದೆ, ಅದಕ್ಕೆ ಗ್ರಾಹಕರಿಗೆ ಪತ್ರ ಹೋಗಬೇಕು. ಈ ಪತ್ರ ಬರೆಯಲು ಎಲ್ಲರೂ ಹಿಂಜರಿಯುತ್ತಾರೆ, ಆದರೆ ಪತ್ರ ಇಲ್ಲದ ಉತ್ತರ ಅರ್ಧ ಉತ್ತರ. ಉಳಿದ 29 ಲಾಟ್‌ಗಳಲ್ಲಿ ಅತಿ ಹೆಚ್ಚಿನ ರೀಡಿಂಗ್ 20.015. ಒಂದು ಲಾಟಿನೊಳಗಿನ ಹರವು ಸಾಮಾನ್ಯವಾಗಿ ಎಷ್ಟಿರುತ್ತದೆ ಎಂದು ಲೆಕ್ಕ ಹಾಕಿ, ಇವನ್ನು ಯಾಕೆ ಬಿಟ್ಟೆವು ಎಂದು ಒಂದು ವಾಕ್ಯ ಬರೆದಿಡಿ. ಆಡಿಟರ್ ಕೇಳಿಯೇ ಕೇಳುತ್ತಾರೆ.

ಕಾರಣ: ಮನುಷ್ಯನ ಹೆಸರಲ್ಲಿ ನಿಂತರೆ ಇನ್ನೊಂದು ಪ್ರಶ್ನೆ ಕೇಳಿ

‘ಮರೆತರು’, ‘ನಿರ್ಲಕ್ಷ್ಯ’, ‘ಕೆಲಸದ ಒತ್ತಡ’. ಇವು ಯಾವುವೂ ಮೂಲ ಕಾರಣವಲ್ಲ. ಮರೆಯುವುದು ಮನುಷ್ಯನ ಸಹಜ ಗುಣ. ಮರೆತರೂ ಹಿಡಿಯಬೇಕಾಗಿದ್ದ ವ್ಯವಸ್ಥೆ ಯಾಕೆ ಹಿಡಿಯಲಿಲ್ಲ ಎಂಬುದು ಕಾರಣ. ಅದನ್ನು ಆಫೀಸಿನಲ್ಲಿ ಕೂತು ಬರೆಯಲಾಗುವುದಿಲ್ಲ. ಲೇತ್ ಹತ್ತಿರ ಹೋಗಿ, ಅಲ್ಲಿರುವವರ ಭಾಷೆಯಲ್ಲೇ ಕೇಳಬೇಕು. ಫಾರ್ಮ್ ಇಂಗ್ಲಿಷಿನಲ್ಲಿದ್ದರೂ ಕಾರಣವನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು, ಆಪರೇಟರ್‌ಗೆ ಓದಿ ಹೇಳಿ, ‘ಹೌದು, ಹಿಂಗೇ ಆಗಿದ್ದು’ ಎಂದ ಮೇಲೆ ಫಾರ್ಮಿಗೆ ಹಾಕುವುದು ಒಳ್ಳೆಯದು.

ಕ್ವಾಲಿಟಿ ಎಂಜಿನಿಯರ್ ‘ಇದು ಈ ಮಷಿನ್‌ಗೆ ಯಾವಾಗ ಬಂತು?’ ಎಂದು ಕೇಳಿದರೆ ಆಪರೇಟರ್ ಹೇಳುತ್ತಾರೆ: ‘ಎಂ-04 ಬಿದ್ದು ಕೆಟ್ಟೋಯ್ತಲ್ಲ ಸರ್, ಆಗ ಸೂಪರ್‌ವೈಸರ್ ಇದನ್ನ ಕೊಟ್ರು. ಜನವರಿಯಿಂದ ಇದ್ರಲ್ಲೇ ಅಳೀತಿದೀವಿ.’ ಮಾಸ್ಟರ್ ಲಿಸ್ಟಿನಲ್ಲಿ ಎಂ-07ರ ಜಾಗ ಇನ್ನೂ ಇನ್‌ಸ್ಪೆಕ್ಷನ್ ರೂಮ್ ಎಂದೇ ಇದೆ. ಮಾರ್ಚ್‌ನಲ್ಲಿ ಅವಧಿ ಮುಗಿಯುವ ಗೇಜ್‌ಗಳನ್ನು ಒಟ್ಟು ಮಾಡಲು ಹೋದವರಿಗೆ ಅಲ್ಲಿ ಅದು ಸಿಗಲಿಲ್ಲ. ಲಿಸ್ಟಿನಲ್ಲಿ ಇರುವುದು ಎರಡೇ ಸ್ಥಿತಿ, ‘ಬಳಕೆಯಲ್ಲಿದೆ’ ಮತ್ತು ‘ಬಳಕೆಯಲ್ಲಿಲ್ಲ’. ಸಿಗದ್ದನ್ನು ‘ಬಳಕೆಯಲ್ಲಿಲ್ಲ’ ಎಂದು ಹಾಕಿದರು. ಪ್ರತಿ ತಿಂಗಳ ಫಿಲ್ಟರ್ ‘ಬಳಕೆಯಲ್ಲಿದೆ’ ಎಂದಿರುವುದನ್ನು ಮಾತ್ರ ತೋರಿಸುತ್ತದೆ. ಅಲ್ಲಿಂದ ಮುಂದೆ ಎಂ-07 ಯಾರ ಕಣ್ಣಿಗೂ ಬೀಳಲಿಲ್ಲ.

ಇದು ಕಾರಣ. ಇದನ್ನು ಎರಡು ಕಡೆಯಿಂದ ಒರೆಗೆ ಹಚ್ಚಿ. ಒಂದು, ಘಟನೆಗೆ ಮೊದಲೇ ಇದು ಇತ್ತು ಎನ್ನಲು ದಾಖಲೆ ಇದೆಯೇ? ಇದೆ, ಲಿಸ್ಟಿನಲ್ಲಿ ಮಾರ್ಚ್ 14ರಂದು ಸ್ಥಿತಿ ಬದಲಾಗಿದೆ. ಎರಡು, ಇದೇ ಕಾರಣದಿಂದ ಬೇರೆ ಕಡೆಯೂ ತಪ್ಪಾಗಿರಬೇಕಲ್ಲ, ಆಗಿದೆಯೇ? ‘ಬಳಕೆಯಲ್ಲಿಲ್ಲ’ ಎಂದಿರುವ ಉಳಿದ ಆರು ಉಪಕರಣಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ನಾಲ್ಕು ಬೀರುವಿನಲ್ಲಿವೆ, ಒಂದು ಗುಜರಿಗೆ ಹೋಗಿದೆ, ಒಂದು ವರ್ನಿಯರ್ ಡ್ರಿಲ್ಲಿಂಗ್ ಮಷಿನ್ ಹತ್ತಿರ ಆರಾಮಾಗಿ ಕೆಲಸ ಮಾಡುತ್ತಿದೆ. ಆ ವರ್ನಿಯರ್ ಸಿಕ್ಕಿದ್ದು ಒಳ್ಳೆಯದೇ ಆಯಿತು. ನೀವು ಹಿಡಿದ ಕಾರಣ ನಿಜ ಎನ್ನಲು ಅದಕ್ಕಿಂತ ಬಲವಾದ ಸಾಕ್ಷಿ ಇಲ್ಲ. ಅದನ್ನು ಮುಚ್ಚಿಡಬೇಡಿ, ಉತ್ತರದಲ್ಲೇ ಬರೆಯಿರಿ. ಎಂ-07ಕ್ಕೆ ಮಾಡಿದ್ದೆಲ್ಲವನ್ನೂ ಅದಕ್ಕೂ ಮಾಡಿ.

ತಪ್ಪು ಆದದ್ದು ಯಾಕೆ ಎಂಬುದರ ಜೊತೆ, ಎರಡೂವರೆ ತಿಂಗಳು ಯಾರಿಗೂ ಕಾಣದೆ ಹೋದದ್ದು ಯಾಕೆ ಎಂಬುದನ್ನೂ ಕೇಳಬೇಕು. ಗೇಜ್ ಮೇಲಿನ ಕಾಗದದ ಸ್ಟಿಕರ್ ಕೂಲಂಟ್ ಎಣ್ಣೆಗೆ ಅಳಿಸಿಹೋಗಿದೆ. ಶಿಫ್ಟ್ ಶುರುವಿನ ಸೆಟಪ್ ಶೀಟಿನಲ್ಲಿ ಗೇಜ್ ಅವಧಿ ನೋಡುವ ಸಾಲೇ ಇಲ್ಲ. ಆಂತರಿಕ ಆಡಿಟ್ ಮಾಡುವವರು ಲಿಸ್ಟ್ ಹಿಡಿದು ಗೇಜ್ ಹುಡುಕುತ್ತಾರೆ. ಲಿಸ್ಟಿನಿಂದ ಬಿದ್ದುಹೋದ ಗೇಜ್ ಆ ದಾರಿಯಲ್ಲಿ ಎಂದಿಗೂ ಸಿಗುವುದಿಲ್ಲ. ಆಡಿಟರ್ ಮಾಡಿದ್ದು ಇದರ ಉಲ್ಟಾ. ಲೇತ್ ಹತ್ತಿರ ನಿಂತು ಗೇಜ್ ಎತ್ತಿಕೊಂಡು ಲಿಸ್ಟ್ ಕೇಳಿದರು.

ಕ್ರಮ ಮತ್ತು ದಿನಾಂಕ

ಪ್ರತಿ ಕಾರಣಕ್ಕೆ ಒಂದು ಕ್ರಮ ಇರಬೇಕು. ಯಾವ ಕಾರಣಕ್ಕೂ ಹೊಂದದ ಕ್ರಮ ಉಳಿದರೆ ಅದು ಬರೀ ಜಾಗ ತುಂಬುವ ಮಾತು. ತರಬೇತಿ ಹೆಚ್ಚಾಗಿ ಈ ಜಾತಿಯದೇ. ಇಲ್ಲಿ ಗೊತ್ತಿಲ್ಲದೆ ತಪ್ಪು ಮಾಡಿದವರು ಯಾರೂ ಇಲ್ಲ, ಹಾಗಾಗಿ ತರಬೇತಿ ಮೂಲ ಕ್ರಮವಾಗುವುದಿಲ್ಲ. ಹೊಸ ಶೀಟ್ ಬಂದಾಗ ಅದನ್ನು ತುಂಬುವುದು ಹೇಗೆ ಎಂದು ತೋರಿಸಬೇಕು, ಅಷ್ಟೇ.

ದಿನಾಂಕವನ್ನು ಆಡಿಟರ್ ಮೆಚ್ಚಲಿ ಎಂದು ಹತ್ತಿರಕ್ಕೆ ಹಾಕಬೇಡಿ. ಕೆಲಸದ ತುಂಡುಗಳನ್ನು ಕೂಡಿಸಿ ತೆಗೆಯಿರಿ. ಲ್ಯಾಬ್ ಬೆಂಗಳೂರಿನಲ್ಲಿದ್ದರೆ ಹೋಗಿಬರುವ ಕೊರಿಯರ್ ದಿನ, ಲ್ಯಾಬ್ ಲಿಖಿತವಾಗಿ ಹೇಳಿದ ದಿನ, ವರದಿ ಓದಿ ಒಪ್ಪಲು ಒಂದು ದಿನ. ಜೂನ್, ಜುಲೈ ನಮ್ಮಲ್ಲಿ ಮಳೆ ಜೋರಾಗಿರುವ ಕಾಲ, ಕರೆಂಟು ಕೈಕೊಡುವುದೂ ಹೆಚ್ಚು. ಅಕ್ಟೋಬರ್ ನಂತರ ಅಡಿಕೆ ಕೊಯ್ಲಿಗೆ ಊರಿಗೆ ಹೋಗುವ ಆಪರೇಟರ್‌ಗಳು ಇರುತ್ತಾರೆ. ಎಲ್ಲರೂ ಇರಬೇಕಾದ ಕೆಲಸವನ್ನು ಆ ದಿನಗಳಿಗೆ ಇಟ್ಟರೆ ತಪ್ಪುವುದು ಖಂಡಿತ. ‘ನಿರಂತರ’ ಎಂದು ದಿನಾಂಕದ ಕಾಲಂನಲ್ಲಿ ಬರೆಯುವ ಅಭ್ಯಾಸ ಬಿಡಿ. ಕೆಲಸ ನಿರಂತರ ಇರಬಹುದು, ಅದು ಶುರುವಾಗುವ ದಿನ ಒಂದೇ.

ಹೊಣೆ ಒಬ್ಬರದೇ ಇರಲಿ, ಹುದ್ದೆಯ ಹೆಸರಲ್ಲಿ ಬರೆಯಿರಿ. ‘ಕ್ವಾಲಿಟಿ ಮತ್ತು ಪ್ರೊಡಕ್ಷನ್ ವಿಭಾಗ’ ಎಂದರೆ ಯಾರೂ ಅಲ್ಲ. ಮುಗಿದ ಕೆಲಸವನ್ನು ಭೂತಕಾಲದಲ್ಲಿ, ದಿನಾಂಕ ಮತ್ತು ದಾಖಲೆ ಸಮೇತ ಬರೆಯಿರಿ. ಮುಗಿಯದ್ದನ್ನು ಮುಗಿದಂತೆ ಬರೆಯಬೇಡಿ. ಹಿಂದಿನ ದಿನಾಂಕ ಹಾಕಿದ ಫಾರ್ಮ್, ಕಂಪ್ಯೂಟರಿನಲ್ಲಿ ಆ ಫೈಲ್ ಬದಲಾದ ದಿನ ನೋಡಿದ ಕೂಡಲೇ ಸಿಕ್ಕಿಬೀಳುತ್ತದೆ. ಆಮೇಲೆ ಅದು ಕ್ಯಾಲಿಬ್ರೇಶನ್ ಎನ್‌ಸಿ ಆಗಿ ಉಳಿಯುವುದಿಲ್ಲ.

ಇನ್ನು ಹೊಸ ಉತ್ತರ. ಜುಲೈ 10ಕ್ಕೆ ಕಳಿಸುವುದು ಎಂದುಕೊಂಡರೆ ಹೀಗಿರುತ್ತದೆ:

> ತಿದ್ದುಪಡಿ. ಎಂ-07 ಅನ್ನು ಜೂನ್ 17ರಂದೇ ಲೇತ್ 3ರಿಂದ ತೆಗೆದು ಕೆಂಪು ಟ್ಯಾಗ್ ಹಾಕಿ, ಬದಲಿಗೆ ಅವಧಿಯೊಳಗಿನ ಎಂ-11 ಕೊಟ್ಟಿದ್ದೇವೆ. ಎಂ-07 ಜೂನ್ 18ರಂದು ಲ್ಯಾಬಿಗೆ ಹೋಗಿ, ವರದಿ ಜೂನ್ 26ರಂದು ಬಂದಿದೆ. 20 ಮಿ.ಮೀ.ನಲ್ಲಿ 0.006 ಮಿ.ಮೀ. ಕಡಿಮೆ ತೋರಿಸಿದ್ದರಿಂದ ಅದನ್ನು ಬಳಕೆಯಿಂದ ಕೈಬಿಟ್ಟಿದ್ದೇವೆ.
>
> ಪರಿಣಾಮ. ಹಿಂದಿನ ಕ್ಯಾಲಿಬ್ರೇಶನ್‌ನಿಂದ ಈವರೆಗೆ ಎಂ-07ರಲ್ಲಿ ಅಳೆದ 31 ಲಾಟ್‌ಗಳ ಶೀಟುಗಳನ್ನು ಜೂನ್ 27ರ ಹೊತ್ತಿಗೆ ನೋಡಿ ಮುಗಿಸಿದ್ದೇವೆ. 2 ಲಾಟ್ ಶಂಕಿತ. ಸ್ಟೋರ್‌ನಲ್ಲಿದ್ದ ಲಾಟಿನ 240 ಪೀಸನ್ನೂ ಜೂನ್ 28ರಂದು ಅಳೆದು 3 ಪೀಸು ಮರುಕೆಲಸಕ್ಕೆ ಕಳಿಸಿದ್ದೇವೆ. ರವಾನೆಯಾದ ಲಾಟ್ ಬಗ್ಗೆ ಗ್ರಾಹಕರಿಗೆ ಜೂನ್ 27ರಂದು ಪತ್ರ ಬರೆದಿದ್ದೇವೆ. ಉಳಿದ 29 ಲಾಟ್ ಬಿಟ್ಟ ಕಾರಣ ಲಗತ್ತಿನಲ್ಲಿದೆ.
>
> ಆದ ಕಾರಣ. ಮಾಸ್ಟರ್ ಲಿಸ್ಟಿನಲ್ಲಿ ‘ಸಿಕ್ಕಿಲ್ಲ’ ಎಂಬ ಸ್ಥಿತಿ ಇಲ್ಲ. ಉಪಕರಣವನ್ನು ಕಣ್ಣಾರೆ ನೋಡದೆಯೇ ‘ಬಳಕೆಯಲ್ಲಿಲ್ಲ’ ಎಂದು ಹಾಕಬಹುದಿತ್ತು, ಹಾಗೆ ಹಾಕಿದ್ದು ಮಾಸಿಕ ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. ಮಷಿನ್‌ನಿಂದ ಮಷಿನ್‌ಗೆ ಗೇಜ್ ಹೋಗುವಾಗ ದಾಖಲೆ ಇರಲಿಲ್ಲ.
>
> ಕಾಣದೆ ಹೋದ ಕಾರಣ. ಸ್ಟಿಕರ್ ಕೂಲಂಟ್‌ಗೆ ಅಳಿಸುತ್ತಿತ್ತು, ಸೆಟಪ್ ಶೀಟಿನಲ್ಲಿ ಅವಧಿಯ ಸಾಲು ಇರಲಿಲ್ಲ, ಆಂತರಿಕ ಆಡಿಟ್ ಲಿಸ್ಟಿನಿಂದ ಮಾತ್ರ ಮಾದರಿ ಆರಿಸುತ್ತಿತ್ತು.
>
> ಇಂಥದ್ದೇ ಬೇರೆ ಕಡೆ. ‘ಬಳಕೆಯಲ್ಲಿಲ್ಲ’ ಎಂದಿದ್ದ ಉಳಿದ 6 ಉಪಕರಣಗಳನ್ನು ಜೂನ್ 19ರಂದು ಹುಡುಕಿದೆವು. 1 ವರ್ನಿಯರ್ ಬಳಕೆಯಲ್ಲಿತ್ತು, ಅದೇ ದಿನ ತೆಗೆದು ಲ್ಯಾಬಿಗೆ ಕಳಿಸಿದ್ದೇವೆ. ಅದರ ವರದಿ ಮತ್ತು ಪರಿಣಾಮದ ಪರಿಶೀಲನೆ ಜುಲೈ 18ಕ್ಕೆ, ಕ್ವಾಲಿಟಿ ಎಂಜಿನಿಯರ್.
>
> ಕ್ರಮ 1. ಲಿಸ್ಟಿಗೆ ‘ಸಿಕ್ಕಿಲ್ಲ’ ಸ್ಥಿತಿ ಸೇರಿಸಿದ್ದೇವೆ. ಅದು ಫಿಲ್ಟರ್‌ನಲ್ಲಿ ಉಳಿಯುತ್ತದೆ, 3 ಕೆಲಸದ ದಿನದೊಳಗೆ ಪ್ಲಾಂಟ್ ಮ್ಯಾನೇಜರ್ ಬಗೆಹರಿಸಬೇಕು. ಬೀಗ ಹಾಕಿದ ಬೀರುವಿಗೆ ಸೇರಿ ಸಹಿಯಾದ ಮೇಲೆಯೇ ‘ಬಳಕೆಯಲ್ಲಿಲ್ಲ’. ಜುಲೈ 5ರಂದು ಮುಗಿದಿದೆ, ಕ್ವಾಲಿಟಿ ಎಂಜಿನಿಯರ್. ದಾಖಲೆ: ಪರಿಷ್ಕೃತ ವಿಧಾನ ಮತ್ತು ಲಿಸ್ಟ್.
>
> ಕ್ರಮ 2. ಗೇಜ್ ಜಾಗ ಬದಲಾದರೆ ಟೂಲ್ ರೂಮ್ ಪುಸ್ತಕದಲ್ಲಿ ದಾಖಲು. ಜುಲೈ 14ರಿಂದ ಶುರು, ಟೂಲ್ ರೂಮ್ ಇನ್‌ಚಾರ್ಜ್.
>
> ಕ್ರಮ 3. ಸೆಟಪ್ ಶೀಟಿನಲ್ಲಿ ಆಪರೇಟರ್ ಗೇಜ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನ ಬರೆಯುವ ಸಾಲು. ಜುಲೈ 25, ಪ್ರೊಡಕ್ಷನ್ ಸೂಪರ್‌ವೈಸರ್. ಶಾಪಿನ ಎಲ್ಲ ಗೇಜ್‌ಗಳಿಗೆ ಕೂಲಂಟ್ ತಡೆಯುವ ಪ್ಲಾಸ್ಟಿಕ್ ಲೇಬಲ್. ಜುಲೈ 31, ಕ್ವಾಲಿಟಿ ಎಂಜಿನಿಯರ್.
>
> ಕ್ರಮ 4. ಆಂತರಿಕ ಆಡಿಟ್ ಚೆಕ್‌ಲಿಸ್ಟ್: ಶಾಪಿನಲ್ಲಿ ಸಿಕ್ಕ 10 ಗೇಜ್ ಎತ್ತಿಕೊಂಡು ಲಿಸ್ಟಿಗೆ ತಾಳೆ ನೋಡುವುದು. ಜುಲೈ 31, ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್.
>
> ಫಲ ಪರಿಶೀಲನೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೊದಲ ವಾರದಲ್ಲಿ ಶಾಪಿನಿಂದ 10ರಂತೆ ಗೇಜ್ ಆರಿಸಿ ನೋಡುವುದು. ಅವಧಿ ಮೀರಿದ್ದು 0, ಲಿಸ್ಟಿಗೆ ಜಾಗ ತಾಳೆಯಾಗದ್ದು 0 ಇರಬೇಕು. ಅಂತಿಮ ದಿನ ಅಕ್ಟೋಬರ್ 8, ಪ್ಲಾಂಟ್ ಮ್ಯಾನೇಜರ್.

ಈ ಉತ್ತರ ಹಳೆಯದಕ್ಕಿಂತ ಉದ್ದ ನಿಜ, ಆದರೆ ಒಂದು ಪುಟ ದಾಟುವುದಿಲ್ಲ. ಕ್ರಮ ಮುಗಿದ ದಿನ ಬೇರೆ, ಫಲ ನೋಡುವ ದಿನ ಬೇರೆ ಎಂಬುದನ್ನು ಗಮನಿಸಿ. ಲಿಸ್ಟ್ ತಿಂಗಳಿಗೊಮ್ಮೆ ತಿರುಗುವುದರಿಂದ ಮೂರು ಸುತ್ತು ಬೇಕು. ವಾರದಲ್ಲೇ ‘ಫಲ ಕೊಟ್ಟಿದೆ’ ಎಂದು ಸಹಿ ಹಾಕಿದರೆ ಏನನ್ನೂ ನೋಡಿಲ್ಲ ಎಂದೇ ಅರ್ಥ.

ಮೈನರ್ ಎನ್‌ಸಿ ಆದರೆ ಆಡಿಟರ್ ಸಾಮಾನ್ಯವಾಗಿ ಈ ಯೋಜನೆಯನ್ನು ಒಪ್ಪಿ, ಜಾರಿಯನ್ನು ಮುಂದಿನ ಭೇಟಿಯಲ್ಲಿ ನೋಡುತ್ತಾರೆ. ಮೇಜರ್ ಆದರೆ ಯೋಜನೆ ಸಾಲದು, ಮಾಡಿದ್ದಕ್ಕೆ ದಾಖಲೆಯನ್ನೂ ಅವರು ಪರಿಶೀಲಿಸಬೇಕು, ಆಗ ಕ್ರಮ 3 ಮತ್ತು 4ರ ದಿನಾಂಕವನ್ನು ಅವರು ಕೊಟ್ಟ ಗಡುವಿನೊಳಗೆ ತರಬೇಕಾಗುತ್ತದೆ.

ದಿನಾಂಕ ತಪ್ಪುವಂತಿದ್ದರೆ ತಪ್ಪುವ ಮೊದಲೇ ಬರೆಯಿರಿ. ಲೇಬಲ್ ಪೂರೈಕೆ ಆಗಸ್ಟ್ 6ಕ್ಕೆ ಹೋಯಿತು ಎಂದು ಜುಲೈ 28ಕ್ಕೆ ಗೊತ್ತಾದರೆ, ಹಳೆಯ ದಿನಾಂಕದ ಮೇಲೆ ಒಂದೇ ಗೆರೆ ಎಳೆದು, ಅದು ಓದಲು ಸಿಗುವಂತೆ ಬಿಟ್ಟು, ಪಕ್ಕದಲ್ಲಿ ಹೊಸ ದಿನಾಂಕ, ಕಾರಣ, ಒಪ್ಪಿದವರ ಸಹಿ ಹಾಕಿ. ಅಲ್ಲಿಯವರೆಗೆ ಸ್ಟಿಕರ್ ಅಳಿಸಿದ ಗೇಜ್‌ಗಳ ಅವಧಿಯನ್ನು ಸೂಪರ್‌ವೈಸರ್ ದಿನಾ ಬೆಳಿಗ್ಗೆ ಲಿಸ್ಟ್ ನೋಡಿ ಸೆಟಪ್ ಶೀಟಿನಲ್ಲಿ ಬರೆಯುತ್ತಾರೆ ಎಂದು ಆ ಸಾಲಿನ ಕೆಳಗೇ ಸೇರಿಸಿ.